ಗ್ಯಾನ್ ಪ್ರಾಜೆಕ್ಟ್: 2 ಮತ್ತು 5 ಎಲ್ಲಿ ಹೋದವು?

ಕೈಬರಹದ ಅಂಕಿಗಳಿರುವ MNIST ಡೇಟಾ ಮೇಲೆ, ಹೊಸ ಚಿತ್ರಗಳನ್ನು ತಾನೇ ಸೃಷ್ಟಿಸುವ ಗ್ಯಾನ್ ಮಾಡೆಲ್ ಟ್ರೇನ್ ಮಾಡುವ ಕೆಲಸ ಒಂದು ಹಂತಕ್ಕೆ ಬಂದಿದೆ. ಗೆರೆಗಳು ಚೂಪಾಗಿವೆ, ಮಸುಕಿಲ್ಲ. ಒಂದೊಂದೇ ಚಿತ್ರ ನೋಡಿದರೆ ನಿಜವಾದ ಕೈಬರಹ ಅಂತಲೇ ಅನ್ನಿಸುತ್ತದೆ. ಆದರೆ ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿದರೆ ಬರೀ 1, 7, 9. ಹುಡುಕಿದರೂ 2 ಇಲ್ಲ, 5 ಇಲ್ಲ.

ಇದಕ್ಕೆ ಮೋಡ್ ಕೊಲ್ಯಾಪ್ಸ್ ಅಂತಾರೆ. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಗ್ಯಾನ್ ರೂಪಿಸಿದ ರೀತಿಯಲ್ಲೇ ಇದರ ಬೇರು ಇದೆ. ಗ್ಯಾನ್‌ನಲ್ಲಿ ಎರಡು ನೆಟ್‌ವರ್ಕ್‌ಗಳಿವೆ. ಜನರೇಟರ್ ಸುಮ್ನೆ ಒಂದಿಷ್ಟು ರ‍್ಯಾಂಡಮ್ ಸಂಖ್ಯೆಗಳನ್ನು (ನನ್ನಲ್ಲಿ 100) ತಗೊಂಡು ಚಿತ್ರ ಮಾಡುತ್ತದೆ. ಡಿಸ್ಕ್ರಿಮಿನೇಟರ್ ಅದು ಅಸಲಿಯೋ ನಕಲಿಯೋ ಹೇಳುತ್ತದೆ. ಜನರೇಟರ್ ಅಸಲಿ ಚಿತ್ರವನ್ನು ಒಮ್ಮೆಯೂ ನೋಡುವುದಿಲ್ಲ. ಡಿಸ್ಕ್ರಿಮಿನೇಟರ್ ಒಪ್ಪಿದರೆ ಸಾಕು, ಅದರ ಕೆಲಸ ಮುಗಿಯಿತು. ಹತ್ತೂ ಅಂಕಿ ಬರೆಯಬೇಕು ಅಂತ ಅದಕ್ಕೆ ಯಾರೂ ನೇರವಾಗಿ ಹೇಳಿಲ್ಲ, ಅಲ್ವಾ? ಸುಲಭವಾದ 1 ಪಾಸಾಗುತ್ತಿದ್ದರೆ ಅದನ್ನೇ ಬರೆಯುತ್ತದೆ. ಡಿಸ್ಕ್ರಿಮಿನೇಟರ್ 1ರ ಮೇಲೆ ಅನುಮಾನಪಡಲು ಶುರು ಮಾಡಿದರೆ 7ಕ್ಕೆ ಜಿಗಿಯುತ್ತದೆ.

ತೊಂದರೆ ಏನೆಂದರೆ, ಲಾಸ್ ಗ್ರಾಫ್ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಎರಡೂ ನೆಟ್‌ವರ್ಕ್‌ಗಳ ಗೆರೆಗಳು ಮೇಲೆ ಕೆಳಗೆ ಆಡುತ್ತಾ ಇರುತ್ತವೆ, ಅಷ್ಟೇ. ಹಾಗಾಗಿ ಅಂಕಿ ಗುರುತಿಸುವ ಬೇರೊಂದು ಕ್ಲಾಸಿಫೈಯರ್ ಇಟ್ಟುಕೊಂಡು ಎಣಿಸುತ್ತಿದ್ದೇನೆ:

```
d = clf(G(z)).argmax(1)
print(torch.bincount(d, minlength=10))
```

ಅಸಲಿ ಡೇಟಾದಲ್ಲಿ ಪ್ರತಿ ಅಂಕಿಯೂ ಸುಮಾರು ಹತ್ತನೇ ಒಂದು ಭಾಗ ಇದೆ. ಇಲ್ಲಿ ಯಾವುದಾದರೂ ಜಾಗದಲ್ಲಿ ಸೊನ್ನೆ ಹತ್ತಿರದ ಸಂಖ್ಯೆ ಬಂದರೆ ಆ ಅಂಕಿ ಬಿದ್ದುಹೋಗಿದೆ ಅಂತ ಅರ್ಥ.

ಹೋಲಿಸಿ ನೋಡಲು ಅದೇ ಡೇಟಾ ಮೇಲೆ ಒಂದು ಚಿಕ್ಕ ಡಿಫ್ಯೂಷನ್ ಮಾಡೆಲ್ ಕೂಡ ಓಡಿಸಿದೆ. ವ್ಯತ್ಯಾಸ ಇಲ್ಲೇ ಇದೆ. ಅಸಲಿ ಚಿತ್ರಕ್ಕೆ ನಾವೇ ನಾಯ್ಸ್ ಬೆರೆಸುತ್ತೇವೆ, ಬೆರೆಸಿದ್ದು ಯಾವ ನಾಯ್ಸ್ ಅಂತ ನೆಟ್‌ವರ್ಕ್ ಊಹಿಸಬೇಕು. 5ರ ಸರದಿ ಬಂದಾಗ ಆ 5ರ ಮೇಲೇ ಲೆಕ್ಕ ಒಪ್ಪಿಸಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಎದುರಾಳಿಯೂ ಇಲ್ಲ, ಹಾಗಾಗಿ ಲಾಸ್ ನೆಮ್ಮದಿಯಾಗಿ ಇಳಿಯುತ್ತದೆ. ಎಣಿಸಿದಾಗ ಹತ್ತೂ ಅಂಕಿ ಸಿಕ್ಕವು.

ಗ್ಯಾನ್ ಹಿಂದುಳಿದದ್ದಕ್ಕೆ ಮುಖ್ಯ ಕಾರಣ ಇದೇ ಅಂತ ನನಗನ್ನಿಸುತ್ತದೆ. ಬರೀ ಮುಖಗಳಂಥ ಒಂದೇ ಬಗೆಯ ಚಿತ್ರಗಳಲ್ಲಿ ಸ್ಟೈಲ್‌ಗ್ಯಾನ್ ಅದ್ಭುತವಾಗಿತ್ತು. ಸಾವಿರ ಬಗೆಯ ವಸ್ತುಗಳಿರುವ ಇಮೇಜ್‌ನೆಟ್‌ನಲ್ಲಿ 2018ರ ಬಿಗ್‌ಗ್ಯಾನ್ ಕೂಡ ಟ್ರೇನಿಂಗ್ ನಡುವೆ ಕುಸಿಯುತ್ತಿತ್ತು. ಕುಸಿಯುವ ಮೊದಲಿನ ಪ್ರತಿಯನ್ನು ಉಳಿಸಿಕೊಂಡು ಬಳಸುತ್ತಿದ್ದರು. 2021ರಲ್ಲಿ ಡಿಫ್ಯೂಷನ್ ಅದೇ ಇಮೇಜ್‌ನೆಟ್‌ನಲ್ಲಿ ಅದನ್ನು ಮೀರಿಸಿತು.

ವೇಗದಲ್ಲಿ ಮಾತ್ರ ಗ್ಯಾನೇ ಮುಂದೆ. ಅದು ಒಂದೇ ಏಟಿಗೆ ಚಿತ್ರ ಕೊಡುತ್ತದೆ. 2020ರ ಡಿಡಿಪಿಎಮ್ ಎಂಬ ಡಿಫ್ಯೂಷನ್ ಮಾಡೆಲ್ ಒಂದು ಚಿತ್ರಕ್ಕೆ 1000 ಹೆಜ್ಜೆ ಹಾಕುತ್ತಿತ್ತು. ಈ ವೇಗಕ್ಕಾಗಿಯೇ ಗ್ಯಾನನ್ನು ಕೈಬಿಡಲು ಮನಸ್ಸಿಲ್ಲ. ಮುಂದೆ ವಾಸರ್‌ಸ್ಟೀನ್ ಲಾಸ್ ಹಾಕಿ ಮತ್ತೆ 2, 5 ಎಣಿಸುತ್ತೇನೆ.