31 ಮನೆಗಳಲ್ಲಿ 22ಕ್ಕೆ ಬಹುಮಾನ

ಮಕ್ಕಳ ಸಂತೆಗೆ ಇನ್ನೊಂದೇ ದಿನ ಇತ್ತು. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಒಂಬತ್ತನೇ ತರಗತಿಯ ನಾಲ್ವರು ದೊಡ್ಡ ಡ್ರಾಯಿಂಗ್ ಶೀಟೊಂದನ್ನು ತಂದು ಮೇಜಿನ ಮೇಲೆ ಹರಡಿದರು. ಜಾತ್ರೆಯಲ್ಲಿ ನೋಡಿದ ಆಟ ಅದು. ಆರು ದಾಳಗಳನ್ನು ಸ್ಟೀಲ್ ಲೋಟದಲ್ಲಿ ಕುಲುಕಿ ತಟ್ಟೆಗೆ ಸುರಿಯಬೇಕು, ಆರನ್ನೂ ಕೂಡಿಸಿದಾಗ ಎಷ್ಟು ಬರುತ್ತದೋ ಆ ಸಂಖ್ಯೆಯ ಮನೆಯಲ್ಲಿರುವ ಬಹುಮಾನ ಆಡಿದವರಿಗೆ. ಮೊತ್ತ 6ರಿಂದ 36ರವರೆಗೆ ಬರಬಹುದು, ಹಾಗಾಗಿ 31 ಮನೆ.

6 ಮತ್ತು 36ಕ್ಕೆ 2,000 ರೂಪಾಯಿಯ ಮಿಕ್ಸರ್. 7ರಿಂದ 10, 32ರಿಂದ 35ರ ಮನೆಗಳಿಗೆ 500ರ ಫ್ಲಾಸ್ಕ್. 11ರಿಂದ 14, 28ರಿಂದ 31ಕ್ಕೆ 50ರ ನೀರಿನ ಬಾಟಲಿ. 15, 16, 26, 27ಕ್ಕೆ 10 ರೂಪಾಯಿ ಪೆನ್ನು. ನಡುವಿನ 17ರಿಂದ 25ರವರೆಗಿನ ಒಂಬತ್ತು ಮನೆ ಖಾಲಿ. ಒಂದು ಆಟಕ್ಕೆ 20 ರೂಪಾಯಿ, ಉಳಿದ ಹಣ ಶಾಲೆಯ ಗ್ರಂಥಾಲಯಕ್ಕೆ.

"ಸರ್, 22 ಮನೆಗೆ ಬಹುಮಾನ ಇದೆ. ಇಪ್ಪತ್ತು ರೂಪಾಯಿ ತಗೊಂಡ್ರೆ ನಮಗೇ ನಷ್ಟ ಆಗಲ್ವಾ?" ಎಂದು ಒಬ್ಬಳು ಕೇಳಿದಳು. ಅವಳು ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಎಲ್ಲ ಮನೆಗಳ ಬಹುಮಾನ ಕೂಡಿಸಿದರೆ 8,440 ರೂಪಾಯಿ, 31ರಿಂದ ಭಾಗಿಸಿದರೆ ಸುಮಾರು 272. ಆಟಕ್ಕೆ ಸರಾಸರಿ 272 ರೂಪಾಯಿ ಕೊಟ್ಟು 20 ತೆಗೆದುಕೊಂಡರೆ ಅಂಗಡಿ ಅರ್ಧ ಗಂಟೆಯಲ್ಲಿ ಮುಚ್ಚಬೇಕಾಗುತ್ತದೆ ಎಂಬುದು ಅವಳ ಭಯ.

ಅವಳ ಕೂಡುವಿಕೆ, ಭಾಗಾಕಾರ ಎರಡೂ ಸರಿ. ತಪ್ಪಿದ್ದು ಒಂದೇ ಕಡೆ: ಎಲ್ಲ ಮನೆಗಳೂ ಸಮನಾಗಿ ಬೀಳುತ್ತವೆ ಎಂದುಕೊಂಡಿದ್ದು. ಜಾತ್ರೆಯಲ್ಲಿ ಈ ಹಲಗೆಯ ಮುಂದೆ ನಿಂತವರೆಲ್ಲ ಅಂದುಕೊಳ್ಳುವುದೂ ಅದನ್ನೇ. ಮೊತ್ತ 6 ಬರಬೇಕಾದರೆ ಆರೂ ದಾಳಗಳಲ್ಲಿ 1 ಬೀಳಬೇಕು. ಅದಕ್ಕಿರುವುದು ಒಂದೇ ದಾರಿ. 7 ಬರಲು ಯಾವುದಾದರೂ ಒಂದು ದಾಳದಲ್ಲಿ 2 ಬೀಳಬೇಕು. ಆ ಒಂದು ಯಾವುದು ಎಂಬುದಕ್ಕೆ 6 ದಾರಿ. 8 ಬರಲು ಒಂದು ದಾಳದಲ್ಲಿ 3 ಬೀಳಬಹುದು (6 ದಾರಿ), ಇಲ್ಲವೇ ಎರಡು ದಾಳಗಳಲ್ಲಿ 2 ಬೀಳಬಹುದು (15 ದಾರಿ), ಒಟ್ಟು 21. ನಡುವಿನ 21ಕ್ಕೆ ಬರುವ ಹೊತ್ತಿಗೆ ದಾರಿಗಳು 4,332 ಆಗಿರುತ್ತವೆ. ಆರು ದಾಳಗಳು ಬೀಳುವ ಒಟ್ಟು ರೀತಿ 6×6×6×6×6×6, ಅಂದರೆ 46,656.

ಇಷ್ಟನ್ನೂ ಒಂದೊಂದಾಗಿ ಬರೆದು ಎಣಿಸಬೇಕಿಲ್ಲ. ಎರಡು ದಾಳಗಳ ಸಾಲು ಎಲ್ಲರಿಗೂ ಗೊತ್ತು: ಮೊತ್ತ 2ರಿಂದ 12ಕ್ಕೆ 1, 2, 3, 4, 5, 6, 5, 4, 3, 2, 1. ಇನ್ನೊಂದು ದಾಳ ಸೇರಿದಾಗ ಹೊಸ ಸಾಲಿನ ಪ್ರತಿ ಮೊತ್ತಕ್ಕೂ ಹಳೆಯ ಸಾಲಿನಲ್ಲಿ ಅದಕ್ಕಿಂತ 1ರಿಂದ 6 ಕಡಿಮೆ ಇರುವ ಮೊತ್ತಗಳ ದಾರಿಗಳನ್ನು ಕೂಡಿಸಿದರಾಯಿತು. ಮೂರು ದಾಳಗಳಲ್ಲಿ 10 ಬರಲು ಹಳೆಯ ಸಾಲಿನ 4ರಿಂದ 9ರವರೆಗಿನವು: 3+4+5+6+5+4, ಅಂದರೆ 27. ಅದೇ 9 ಬರಲು 25. ಹತ್ತು ಒಂಬತ್ತಿಗಿಂತ ಕೊಂಚ ಹೆಚ್ಚು ಬೀಳುವುದೇಕೆ ಎಂದು ಇಟಲಿಯ ಜೂಜುಗಾರರಿಗೆ ಎದ್ದ ಪ್ರಶ್ನೆಗೆ ಗೆಲಿಲಿಯೋ ಕೊಟ್ಟ ಉತ್ತರವೂ ಈ 27 ಮತ್ತು 25. ಮಕ್ಕಳು ಕಪ್ಪು ಹಲಗೆಯ ಮೇಲೆ ಹೀಗೆ ಆರನೇ ಸಾಲಿನವರೆಗೂ ಹೋದರು. ಸಾಲನ್ನೆಲ್ಲ ಕೂಡಿಸಿದಾಗ 46,656 ಬರಲೇಬೇಕು. ಮೊದಲ ಸಲ ಬರಲಿಲ್ಲ. ಐದನೇ ಸಾಲಿನಲ್ಲಿ ಒಂದು ಕಡೆ ಆರರ ಬದಲು ಐದೇ ಸಂಖ್ಯೆ ಕೂಡಿಸಿದ್ದರು. ಕೊನೆಯ ಮೊತ್ತ ತಾಳೆ ನೋಡದೆ ಮುಂದೆ ಹೋಗಬಾರದು ಎನ್ನುವುದು ಇದಕ್ಕೇ.

ಈಗ ಹಲಗೆಯ ಚಿತ್ರವೇ ಬದಲಾಯಿತು. ಖಾಲಿ ಮನೆ ಒಂಬತ್ತೇ ಆದರೂ ಅವಕ್ಕೆ 33,160 ದಾರಿ, ಅಂದರೆ ನೂರಕ್ಕೆ 71 ಆಟ ಬರಿಗೈ. ಪೆನ್ನಿಗೆ 7,826, ಬಾಟಲಿಗೆ 5,250, ಫ್ಲಾಸ್ಕಿಗೆ 418, ಮಿಕ್ಸರ್‌ಗೆ ಕೇವಲ 2. ಪ್ರತಿ ಬಹುಮಾನದ ಬೆಲೆಯನ್ನು ಅದರ ದಾರಿಗಳಿಂದ ಗುಣಿಸಿ, 46,656ರಿಂದ ಭಾಗಿಸಿದರೆ ಒಂದು ಆಟದಲ್ಲಿ ಅದರ ಪಾಲು ಸಿಗುತ್ತದೆ. ಬಾಟಲಿಯದು 5 ರೂಪಾಯಿ 63 ಪೈಸೆ, ಫ್ಲಾಸ್ಕಿನದು 4.48, ಪೆನ್ನಿನದು 1.68. ಎಲ್ಲರ ಕಣ್ಣೂ ನೆಟ್ಟಿದ್ದ ಮಿಕ್ಸರ್‌ನ ಪಾಲು 9 ಪೈಸೆ! ಒಟ್ಟು 11 ರೂಪಾಯಿ 87 ಪೈಸೆ. ಇದೇ ಆಟದ ನಿರೀಕ್ಷಿತ ಮೌಲ್ಯ. ಆಡುವವರಿಗೂ ಆಡಿಸುವವರಿಗೂ ಸಮ ಎನ್ನಿಸುವ ಶುಲ್ಕ ಸುಮಾರು 12 ರೂಪಾಯಿ. 20 ಪಡೆದರೆ ಪ್ರತಿ ಆಟಕ್ಕೂ 8 ರೂಪಾಯಿಗೂ ಮಿಕ್ಕಿ ಆಡಿದವರ ಜೇಬಿನಿಂದ ಹೋಗುತ್ತದೆ.

ಗ್ರಂಥಾಲಯಕ್ಕೆಂದು ಸ್ವಲ್ಪ ಉಳಿಯಬೇಕು, ಸರಿ. ಆದರೆ ಚಿಕ್ಕ ಮಕ್ಕಳಿಂದ ನೂರಕ್ಕೆ ನಲವತ್ತು ಉಳಿಸಿಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಶುಲ್ಕ ಇಳಿಸಬಹುದಿತ್ತು, ಚಿಲ್ಲರೆಯ ತೊಂದರೆಯಿಂದ ಬೇರೆ ದಾರಿ ಹಿಡಿದೆವು. ಖಾಲಿ ಮನೆಗಳಿಗೆಲ್ಲ 5 ರೂಪಾಯಿಯ ಒಂದೊಂದು ಕಡಲೆ ಚಿಕ್ಕಿ. ಐದೇ ರೂಪಾಯಿ, ಆದರೆ 33,160 ದಾರಿಗಳಿಗೆ ಸೇರುವುದರಿಂದ ಮೌಲ್ಯ 3.55 ಏರಿ 15 ರೂಪಾಯಿ 42 ಪೈಸೆ ಆಯಿತು. ಮಿಕ್ಸರ್ ಬದಲು 4,000ದ ಗ್ರೈಂಡರ್ ಇಟ್ಟಿದ್ದರೂ ಏರುತ್ತಿದ್ದುದು ಮತ್ತೆ 9 ಪೈಸೆ ಮಾತ್ರ. ಆಟದ ನ್ಯಾಯ ನೋಡುವವರು ಹಲಗೆಯ ನಡುವನ್ನು ನೋಡಬೇಕು, ತುದಿಯನ್ನಲ್ಲ.

ಬೆಲೆ ಎಂದಾಗ ಯಾರ ಬೆಲೆ ಎಂಬ ಮಾತೂ ಇದೆ. ನಾವು ಹಾಕಿದ್ದು ಅಂಗಡಿಯ ಬೆಲೆ. ಈಗಾಗಲೇ ಎರಡು ಬಾಟಲಿ ಇರುವ ಹುಡುಗನಿಗೆ ಮೂರನೆಯದು 50 ರೂಪಾಯಿ ಬಾಳುವುದಿಲ್ಲ. ಅದಕ್ಕೇ ಬಾಟಲಿ ಬೇಡವಾದರೆ 50ರ ನೋಟ್‌ಬುಕ್‌ ಪಡೆಯಬಹುದು ಎಂದು ಸೇರಿಸಿದೆವು.

ಈ ಲೆಕ್ಕವೆಲ್ಲ ನಿಂತಿರುವುದು ದಾಳಗಳ ಮೇಲೆ. ಆರರ ಕಡೆಗೆ ವಾಲುವ, ಆರು ಬೀಳುವ ಪಾಲು ಆರರಲ್ಲಿ ಒಂದರ ಬದಲು ಐದರಲ್ಲಿ ಒಂದಾಗಿರುವ ದಾಳಗಳು ಸಿಕ್ಕರೆ 36 ಬರುವ ಸಾಧ್ಯತೆ 46,656ರಲ್ಲಿ ಒಂದರಿಂದ 15,625ರಲ್ಲಿ ಒಂದಕ್ಕೆ, ಸುಮಾರು ಮೂರು ಪಟ್ಟು ಜಿಗಿಯುತ್ತದೆ. ಹಾಗಾಗಿ ನಮ್ಮ ಆರು ದಾಳಗಳನ್ನೂ ನೂರು ಸಲ ಎಸೆದು ಬಿದ್ದ ಮುಖಗಳನ್ನು ಗೀಟು ಹಾಕುತ್ತಾ ಹೋದೆವು. ಪ್ರತಿ ಮುಖ ನೂರರ ಆಸುಪಾಸು ಬರಬೇಕು. 75ಕ್ಕಿಂತ ಕಡಿಮೆ ಅಥವಾ 125ಕ್ಕಿಂತ ಹೆಚ್ಚು ಬಂದರೆ ಆ ದಾಳಗಳನ್ನು ಬಿಡುವುದು ಒಳ್ಳೆಯದು. ನಮ್ಮವು ಆ ಮಿತಿಯೊಳಗಿದ್ದವು. ಅದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕೂಡುವಿಕೆ. ದಾಳಗಳನ್ನು ತಟ್ಟೆಯಿಂದ ಎತ್ತುತ್ತಾ ಬೇಗ ಬೇಗ ಎಣಿಸಿದರೆ 14 ಸಲೀಸಾಗಿ 15 ಆಗಿಬಿಡುತ್ತದೆ, 50 ರೂಪಾಯಿಯ ಬಾಟಲಿ ಪೆನ್ನಾಗುತ್ತದೆ. ಆಡಿದವರೂ ಎಣಿಸಿ ಮೊತ್ತ ಹೇಳುವವರೆಗೆ ದಾಳ ಮುಟ್ಟುವಂತಿಲ್ಲ ಎಂದು ಮಕ್ಕಳೇ ನಿಯಮ ಮಾಡಿಕೊಂಡರು.

ಕೊನೆಗೆ ಉಳಿದಿದ್ದು ಎಷ್ಟು ಫ್ಲಾಸ್ಕ್ ತರಬೇಕು ಎಂಬುದು. 112 ಆಟಕ್ಕೆ ಒಂದರಂತೆ 200 ಆಟಕ್ಕೆ ಸರಾಸರಿ ಎರಡೂ ಬೇಡ. ಆದರೆ ಸರಾಸರಿಯಷ್ಟೇ ತಂದರೆ ಮಧ್ಯಾಹ್ನವೇ ಮುಗಿದು, ಗೆದ್ದ ಮಗುವಿಗೆ ಕೊಡಲು ಏನೂ ಇರದಂತಾಗಬಹುದು. ಐದು ತಂದರೆ ಸಾಲದೆ ಹೋಗುವ ಸಾಧ್ಯತೆ ನೂರರಲ್ಲಿ ಒಂದರಷ್ಟು. ಐದು ತರಿಸಿದೆವು, ಆರನೆಯವರು ಬಂದರೆ ಕೊಡಲೆಂದು 500 ರೂಪಾಯಿ ಲಕೋಟೆಯಲ್ಲಿಟ್ಟು ಹೆಡ್ ಮೇಡಂ ಕೈಗೆ ಕೊಟ್ಟೆವು. ಶೀಟಿನ ಪ್ರತಿ ಗುಂಪಿನ ಪಕ್ಕದಲ್ಲೂ ಅದರ ದಾರಿಗಳ ಸಂಖ್ಯೆಯನ್ನು ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದವಳು 272ರ ಲೆಕ್ಕ ತಂದಿದ್ದ ಆ ಹುಡುಗಿ. ಮಿಕ್ಸರ್ ಚಿತ್ರದ ಕೆಳಗೆ ಅವಳು ಬರೆದದ್ದು: 46,656ರಲ್ಲಿ 2.