ಗೋಡೆ ಮೇಲೂ ಮಡಕೆ ಇಡ್ತೀರಾ ಸಾರ್?

ಕಾಂಕ್ರೀಟು ಉಳಿಸಲೆಂದು ರೂಮಿನ ತಾರಸಿಗೆ ಮಡಕೆ ಮಗುಚಿಟ್ಟು ಮೋಲ್ಡ್ ಹಾಕಿಸಿದ್ದೆ, ಮೊನ್ನೆ ಅದರ ಸೆಂಟ್ರಿಂಗ್ ಬಿಚ್ಚಿದರು. ಹದಿನೆಂಟು ದಿನದಿಂದ ಕಾಯುತ್ತಿದ್ದೆ. ಕತ್ತೆತ್ತಿ ಮಡಕೆ ಬಾಯಿಗಳನ್ನು ಎಣಿಸಲು ಶುರು ಮಾಡಿದರೆ ಕಿವಿಯಲ್ಲಿ ಮತ್ತೆ ಅದೇ ಮಾತು: ‘ಗೋಡೆ ಮೇಲೂ ಮಡಕೆ ಇಡ್ತೀರಾ ಸಾರ್?’

ಮೇಸ್ತ್ರಿ ಅದನ್ನು ಕೇಳಿದ್ದು ಮಡಕೆ ತುಂಬಿದ ಆಟೋ ಬಂದು ನಿಂತಾಗ. ನಾನು 133 ಮಡಕೆ ತರಿಸಿದ್ದೆ, ಒಡೆಯುವುದಕ್ಕೆಂದು 10 ಜಾಸ್ತಿ. ಲೆಕ್ಕ ನಮ್ಮ ಭಾವನದು. ರೂಮು ಒಳಗೆ 12 ಅಡಿಗೆ 15 ಅಡಿ, ಸುತ್ತ ಗೋಡೆ ಮೇಲೆ ಅರ್ಧ ಅಡಿ ಕೂರುವುದೂ ಸೇರಿ ಮೋಲ್ಡ್ 13ಕ್ಕೆ 16, ಅಂದರೆ 208 ಚದರಡಿ. ಮಡಕೆ ಬಾಯಿ 11 ಇಂಚು, ನಡುವೆ ಕಂಬಿ ಹಾಯುವುದಕ್ಕೆ 4 ಇಂಚು. ಹೀಗೆ 15 ಇಂಚಿಗೊಂದು ಮಡಕೆ. 208ನ್ನು 15 ಇಂಚಿನ ಚೌಕದಿಂದ ಭಾಗಿಸಿ 133 ಅಂದುಬಿಟ್ಟರು. ಭಾವ ಎಂಜಿನಿಯರ್ ಹೌದು, ಆದರೆ ಅವರು ನೋಡಿಕೊಳ್ಳುವುದು ಕಂಪ್ಯೂಟರ್. ‘ಕಾಂಕ್ರೀಟು 30 ಪರ್ಸೆಂಟ್ ಉಳಿಯುತ್ತೆ’ ಅಂತ ಕಾಫಿ ಕುಡಿಯುತ್ತಾ ಹೇಳಿದ್ದನ್ನು ನಾನೂ ನಂಬಿದ್ದೆ.

ಉಪಾಯವೇನೋ ಸರಿಯಾದದ್ದೇ. ಮೋಲ್ಡು ಬಾಗುವಾಗ ಮೇಲುಭಾಗದ ಕಾಂಕ್ರೀಟು ಅದುಮಿಸಿಕೊಳ್ಳುತ್ತದೆ, ಕೆಳಭಾಗ ಎಳೆಸಿಕೊಳ್ಳುತ್ತದೆ. ಎಳೆತ ಹೊರುವುದು ಕಂಬಿ. ಕಂಬಿಗಳ ನಡುವಿನ ಕೆಳಗಿನ ಕಾಂಕ್ರೀಟು ಸುಮ್ಮನೆ ಭಾರ. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಅದರ ಬದಲು ಮಂಗಳೂರು ಹೆಂಚು ಇಟ್ಟರು, ನಾನು ಮಡಕೆ ಮಗುಚಿದೆ.

ಮೇಸ್ತ್ರಿ ಸೀಮೆಸುಣ್ಣ ಹಿಡಿದು ಸೆಂಟ್ರಿಂಗ್ ಶೀಟಿನ ಮೇಲೆಯೇ ಗೆರೆ ಎಳೆದ. ಗೋಡೆ ಮೇಲೆ ಮಡಕೆ ಇಲ್ಲ. ಗೋಡೆಯಂಚಿನ ಸುತ್ತಲೂ ಒಂದು ಪಟ್ಟಿ ಗಟ್ಟಿ ಕಾಂಕ್ರೀಟೇ ಇರಬೇಕು, ಮೋಲ್ಡಿನ ಭಾರವೆಲ್ಲ ಗೋಡೆಗೆ ಇಳಿಯುವುದು ಅಲ್ಲೇ. ಹಾಗೆ ಬಿಟ್ಟಮೇಲೆ ಒಂದು ಕಡೆ 9 ಸಾಲು, ಇನ್ನೊಂದು ಕಡೆ 11. ಒಟ್ಟು 99. ನಟ್ಟನಡುವಿನ ಮಡಕೆಯ ಜಾಗಕ್ಕೆ ಫ್ಯಾನ್ ಕೊಕ್ಕೆ, ಇನ್ನೊಂದರ ಜಾಗಕ್ಕೆ ಲೈಟಿನ ಡಬ್ಬಿ. ಉಳಿದದ್ದು 97. ಮೇಸ್ತ್ರಿ ಓದಿದ್ದು ಏಳನೇ ಕ್ಲಾಸು. ಭಾವನಿಗೆ ಫೋನ್ ಮಾಡಿ ಹೇಳಿದೆ, ‘ನೆಟ್‌ವರ್ಕ್ ಸರಿಯಿಲ್ಲ’ ಅಂದರು.

ಒಂದು ಮಡಕೆ ಎಷ್ಟು ಜಾಗ ಹಿಡಿಯುತ್ತದೆ ಅನ್ನುವುದನ್ನು ಕುಂಬಾರಜ್ಜ ತೋರಿಸಿಕೊಟ್ಟಿದ್ದ. ಒಳಗೆ ನೀರು ತುಂಬಿ ಅಳೆದರೆ ತಪ್ಪು, ಮಣ್ಣಿನ ದಪ್ಪ ಲೆಕ್ಕಕ್ಕೆ ಸಿಗುವುದಿಲ್ಲ. ಅಗಲವಾದ ಟಬ್ಬನ್ನು ಅಂಚಿನವರೆಗೆ ತುಂಬಿಸಿ, ಮಡಕೆಯನ್ನು ಮಗುಚಿ ಗಾಳಿ ಒಳಗೇ ಉಳಿಯುವಂತೆ ನೆಟ್ಟಗೆ ಅದುಮಿದ. ತಟ್ಟೆಗೆ ಚೆಲ್ಲಿದ ನೀರನ್ನು ಅಳೆದರೆ 4 ಲೀಟರ್.

97 ಮಡಕೆಗೆ 388 ಲೀಟರ್, ಸುಮಾರು 13.7 ಘನ ಅಡಿ. ಮಡಕೆಯ ಎತ್ತರ 4 ಇಂಚು, ಅದರ ಮೇಲೆ ಒಂದೂವರೆ ಇಂಚು ಕಾಂಕ್ರೀಟು, ಹಾಗಾಗಿ ಮೋಲ್ಡು ಐದೂವರೆ ಇಂಚು. ಅಷ್ಟೇ ದಪ್ಪದ ಗಟ್ಟಿ ಮೋಲ್ಡಿಗೆ 95.3 ಘನ ಅಡಿ ಬೇಕು. ಉಳಿತಾಯ ನೂರಕ್ಕೆ 14, ಸಿಮೆಂಟಿನಲ್ಲಿ ಸುಮಾರು ಮೂರು ಮೂಟೆ. ಪರವಾಗಿಲ್ಲ ಅಂದುಕೊಂಡೆ. ಆಗ ಮೇಸ್ತ್ರಿ, ‘ಮಡಕೆ ಇಲ್ದಿದ್ರೆ ನಾನು ಐದೂವರೆ ಯಾಕೆ ಹಾಕ್ತಿದ್ದೆ? ಈ ರೂಮಿಗೆ 5 ಇಂಚು ಸಾಕಿತ್ತು’ ಅಂದ. ಐದಿಂಚಿನ ಗಟ್ಟಿ ಮೋಲ್ಡು 86.7 ಘನ ಅಡಿ, ನಮ್ಮದು 81.6. ನಿಜವಾದ ಉಳಿತಾಯ 5 ಘನ ಅಡಿ, ಒಂದು ಮೂಟೆ ಸಿಮೆಂಟು. ಒಂದಕ್ಕೆ 35 ರೂಪಾಯಿಯಂತೆ ಬಂದ ಮಡಕೆ ಅದಕ್ಕಿಂತ ದುಬಾರಿ. ತಾರಸಿಯ ಒಳಗಡೆ ಪ್ಲಾಸ್ಟರಿಂಗ್ ತಪ್ಪಿತು ಅನ್ನುವುದೊಂದೇ ಸಮಾಧಾನ.

ಮೂವತ್ತು ಪರ್ಸೆಂಟ್ ಅಂತ ಹೇಳುವವರೆಲ್ಲ ಯಾವ ಮೋಲ್ಡಿಗೆ ಹೋಲಿಸಿ ಹೇಳುತ್ತಾರೆ ಅಂತ ಈಗ ಕೇಳಬೇಕು ಅನ್ನಿಸುತ್ತದೆ. ನಾನಂತೂ ಕೇಳಿರಲಿಲ್ಲ.

ಮೋಲ್ಡಿನ ಹಿಂದಿನ ರಾತ್ರಿ ಮಡಕೆಗಳನ್ನು ಡ್ರಮ್ಮಿನಲ್ಲಿ ನೆನೆಹಾಕಿದ್ದೆವು, ಒಣಮಡಕೆ ಕಾಂಕ್ರೀಟಿನ ನೀರು ಹೀರಿಬಿಡುತ್ತದೆ. ಬೆಳಗ್ಗೆ ಒಂದೊಂದನ್ನೂ ಬೆರಳಿನಿಂದ ತಟ್ಟಿ ನೋಡಿದ್ದು ನನ್ನ ಹೆಂಡತಿ. ಠಣ್ ಅಂದರೆ ಸರಿ, ಬೊದ್ದು ಸದ್ದು ಬಂದರೆ ಬಿರುಕು. ಹಾಗೆ ಐದನ್ನು ಪಕ್ಕಕ್ಕಿಟ್ಟಳು. ಕಾಂಕ್ರೀಟನ್ನು ಮೊದಲು ಸಾಲುಗಳ ನಡುವಿನ ಸಂದಿಗೆ ಹಾಕಿಸಿ ಆಮೇಲೆ ಮೇಲೆ ಹರಡಿದರು. ಓಡಾಡಲು ಹಲಗೆ ಹಾಕಿದ್ದರೂ ಬಾಣಲಿ ಹೊತ್ತ ಹುಡುಗನೊಬ್ಬ ಒಮ್ಮೆ ಜಾರಿ ಕಾಲಿಟ್ಟ. ‘ಏನೂ ಆಗಿಲ್ಲ ಸಾರ್’ ಅಂದ. ನನಗೂ ಏನೂ ಕೇಳಿಸಲಿಲ್ಲ.

ಮೊನ್ನೆ ಎಣಿಸುತ್ತಾ ಹೋದೆ. ಕಪ್ಪು ಗುಂಡಿಯ ಸಾಲುಗಳು ಚೆಂದವೇ ಕಾಣುತ್ತಿದ್ದವು. ನಾಲ್ಕನೇ ಸಾಲಿನ ಏಳನೆಯದು ಮಾತ್ರ ಗುಂಡಿಯಲ್ಲ, ಮಣ್ಣಿನ ಬಳೆಯೊಳಗೆ ಬೂದುಬಣ್ಣದ ಗಟ್ಟಿ ಬಿಲ್ಲೆ. ಮೇಲೆ ಒಡೆದು ಕಾಂಕ್ರೀಟು ಪೂರ್ತಿ ಒಳಗಿಳಿದಿದೆ.

‘ತೊಂಬತ್ತಾರು’ ಅಂದ ಮೇಸ್ತ್ರಿ, ಶೀಟು ಕೆರೆಯುತ್ತಲೇ.