ಫ್ರೆಂಚ್ ಸಮಯದ ಆಡಿಯೋ ಕಾರ್ಡುಗಳು: ಫೋನಿನಲ್ಲಿ ರಾಂದೆವೂ ಕಂತು ಸಿದ್ಧ

ಕನ್ನಡಿಗರಿಗಾಗಿ ಮಾಡುತ್ತಿರುವ ಆಡಿಯೋ ಕಾರ್ಡುಗಳಲ್ಲಿ ಫೋನ್ ಮಾಡಿ ಅಪಾಯಿಂಟ್‌ಮೆಂಟ್, ಅಂದರೆ ರಾಂದೆವೂ, ಪಡೆಯುವ ಭಾಗ ಒಂದು ಹದಕ್ಕೆ ಬಂದಿದೆ. ಹೆಚ್ಚು ಕೆಲಸ ಹಿಡಿದದ್ದು ಕಿವಿಯ ಅಭ್ಯಾಸಕ್ಕೆ.

ಫ್ರಾನ್ಸಿನ ಕಚೇರಿ, ಕ್ಲಿನಿಕ್, ರೈಲ್ವೆ ಎಲ್ಲವೂ 24 ಗಂಟೆಯ ಲೆಕ್ಕದಲ್ಲೇ ಮಾತಾಡುತ್ತವೆ. ಮಧ್ಯಾಹ್ನ ಎರಡೂವರೆ ಅಂದರೆ ಅಲ್ಲಿ ‘ಕತೋರ್ಜ಼ರ್ ತ್ರಾಂತ್’, ಬರಹದಲ್ಲಿ 14 h 30. ಗೆಳೆಯರ ನಡುವೆ ಅದೇ ಹೊತ್ತು ‘ದಜ಼ರ್ ಎ ದಮಿ’. ಈ ಎರಡನ್ನು ಬೆರೆಸಬಾರದು: ಹದಿನಾಲ್ಕರ ಜೊತೆ ‘ಎ ದಮಿ’ ಸೇರಿಸಿದರೆ ಫ್ರೆಂಚರ ಕಿವಿಗೆ ಒಗ್ಗುವುದಿಲ್ಲ. ಮೂರೂ ಮುಕ್ಕಾಲು ಕೂಡ ಮನೆಮಾತಿನಲ್ಲಿ ನಾಲ್ಕರಿಂದ ಕಾಲು ಕಳೆದು ‘ಕಾತ್ರರ್ ಮ್ವಾಂ ಲ ಕಾರ್’ ಆಗುತ್ತದೆ. ಕಚೇರಿಯ ‘ಕ್ಯಾಂಜ಼ರ್ ಕಾರಾಂತ್ ಸ್ಯಾಂಕ್’ (15 h 45) ನಮ್ಮ ಹಾಗೆ ಮುಂದಕ್ಕೇ ಎಣಿಸುವುದರಿಂದ, ಕಲಿಯುವವರು ಇದರಿಂದ ಶುರುಮಾಡುವುದು ಒಳ್ಳೆಯದು.

ಕಿವಿ ಮೋಸಹೋಗುವುದು ಎರಡು ಜೋಡಿಗಳಲ್ಲಿ. ‘ದಜ಼ರ್’ ಎರಡು ಗಂಟೆ, ‘ದೂಜ಼ರ್’ ಹನ್ನೆರಡು. ‘ಸಿಜ಼ರ್’ ಆರು, ‘ಸೆಜ಼ರ್’ ಹದಿನಾರು, ಅಂದರೆ ಸಂಜೆ ನಾಲ್ಕು. ಮುಂದಿನ ಪದದ ಸ್ವರಕ್ಕೆ ‘ಜ಼’ ಅಂಟಿಕೊಳ್ಳುವುದರಿಂದ ಉಳಿಯುವ ವ್ಯತ್ಯಾಸ ಒಂದೇ ಒಂದು ಸ್ವರ. ಅದಕ್ಕೇ ಪ್ರತಿ ಜೋಡಿಯನ್ನೂ ಒಂದರ ಬೆನ್ನಿಗೆ ಇನ್ನೊಂದು ಕೇಳುವಂತೆ ಇಟ್ಟಿದ್ದೇವೆ. ಆರೋ ಹದಿನಾರೋ ಎಂದು ಅನುಮಾನ ಬಂದರೆ ‘ದ್ಯು ಮಾತ್ಯಾಂ?’ (ಬೆಳಗಿನದೇ?) ಎಂದು ಕೇಳಿದರೆ ಸಾಕು.

ದಿನಾಂಕಕ್ಕೆ ಒಂದು ಪೂರ್ತಿ ಪ್ರಸಂಗ ಹೆಣೆದಿದ್ದೇವೆ. ಫೋನ್ ಮಾಡುವ ದಿನ ಗುರುವಾರ, 5 ನವೆಂಬರ್ 2026. ಆ ಕಡೆಯಿಂದ ‘ಮಾರ್ದಿ ಆಂ ಉಯಿತ್’ ಅಂತಾರೆ. ಇದು ಬರುವ ಮಂಗಳವಾರ 10 ಅಲ್ಲ, ಅದರಾಚೆಯದು, 17. ‘ದಾಂ ಕ್ಯಾಂಜ಼್ ಜ಼ೂರ್’ ಅಂದರೆ ನಮ್ಮ ‘ಹದಿನೈದು ದಿನ’ದ ಹಾಗೆ ಎರಡು ವಾರ, ಅಂದರೆ ಗುರುವಾರ 19. ಬೆರಳೆಣಿಸಿ 20ಕ್ಕೆ ಹೋದರೆ ಕೆಲಸ ಕೆಟ್ಟಿತು. ಆದ್ದರಿಂದ ಫೋನ್ ಇಡುವ ಮುನ್ನ ವಾರ, ತಾರೀಕು, ಗಂಟೆ ಮೂರನ್ನೂ ತಿರುಗಿ ಹೇಳಬೇಕು: ‘ದೋಂಕ್, ಲ ಮಾರ್ದಿ ದಿಸೆತ್ ನೊವಾಂಬ್ರ್, ಆ ಕತೋರ್ಜ಼ರ್ ತ್ರಾಂತ್, ಸೆ ಬಿಯಾಂ ಸಾ?’ ತಾರೀಕಿಲ್ಲದೆ ಬರೀ ‘ಲ ಮಾರ್ದಿ’ ಅಂದರೆ ಪ್ರತಿ ಮಂಗಳವಾರ ಎಂದಾಗುತ್ತದೆ. ಒಂದೇ ಒಂದು ಮಂಗಳವಾರಕ್ಕೆ ‘ಮಾರ್ದಿ’ ಸಾಕು.

ಖಚಿತಪಡಿಸುವ ಇಮೇಲಿನ ಮಾದರಿ ಇದು. ವಾರ, ತಿಂಗಳು ಎರಡಕ್ಕೂ ಸಣ್ಣಕ್ಷರ, ನಡುವೆ ಅಲ್ಪವಿರಾಮ ಇಲ್ಲ:

```
Je vous confirme notre rendez-vous du mardi 17 novembre à 14 h 30.
```

ತಿಂಗಳ ಮೊದಲ ದಿನಕ್ಕೆ ಮಾತ್ರ 1 ಬದಲು 1er ಬರೆದು ‘ಪ್ರಮಿಯೇ’ ಎನ್ನಬೇಕು.

ಬಾಕಿ ಇರುವುದು ಸಮಯ ಬದಲಿಸುವ ಕಾರ್ಡುಗಳು. ಅಲ್ಲಿ ‘ಆವಾಂಸೆ’ ತೊಡಕಿನ ಪದ. ಕೇಳಿದರೆ ಮುಂದೂಡಿದ ಹಾಗೆ ತೋರುತ್ತದೆ, ಆದರೆ 14 h 30ರ ಭೇಟಿಯನ್ನು ಒಂದು ಗಂಟೆ ‘ಆವಾಂಸೆ’ ಮಾಡಿದರೆ ಅದು 13 h 30ಕ್ಕೆ ಬರುತ್ತದೆ. ಮುಂದೂಡುವುದಕ್ಕೆ ಬೇಕಾದದ್ದು ‘ರಪೋರ್ತೆ’.